ಅತ್ತು ಮಲಗಿದ ಮಗುವಿನ ಜೊಲ್ಲು ಏನು ಹೇಳುತ್ತದೆ?

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಗಳ ಬಾಣಂತನ ಮುಗಿಸಿಕೊಂಡು ಊರಿಗೆ ಮರಳುವ ತಾಯಂದಿರ ಬಳಿ ಹೇಳಿಕೊಳ್ಳಲು ಬೇಕಾದಷ್ಟು ಸುದ್ದಿ ಇರುತ್ತದೆ. ಚಳಿ, ಹಿಮ, ಒಂಟಿತನ ಇವೆಲ್ಲ ಆದ ಮೇಲೆ, ಸ್ವಲ್ಪ ದನಿ ತಗ್ಗಿಸಿ ಅವರು ಹೇಳುವ ಮಾತೊಂದಿದೆ: 'ಅಲ್ಲಿ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿಕೊಂಡು ಬಂದುಬಿಡುತ್ತಾರೆ. ಅದು ಅತ್ತು ಅತ್ತು ತಾನೇ ಮಲಗಬೇಕಂತೆ. ಎತ್ತಿಕೊಳ್ಳಲು ಹೋದರೆ ಮಗಳೇ ನನ್ನ ಕೈ ಹಿಡಿದು ನಿಲ್ಲಿಸುತ್ತಾಳೆ.'

ಈಗ ಈ ಮಾತಿಗೆ ಇನ್ನೊಂದು ಸೇರಿಕೊಂಡಿದೆ. ಹೀಗೆ ಅಳಲು ಬಿಟ್ಟ ಮಕ್ಕಳ ಮೈಯಲ್ಲಿ ಒತ್ತಡದ ಹಾರ್ಮೋನು ಏರಿ ಮಿದುಳಿಗೆ ಪೆಟ್ಟಾಗುತ್ತದೆ, ತಾಯಿಯ ಮೇಲಿನ ನಂಬಿಕೆ ಮುರಿಯುತ್ತದೆ ಎಂದು 'ಸಂಶೋಧನೆ ಹೇಳಿದೆ' ಎಂಬ ಬರಹಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ. ಇದರ ವಿರುದ್ಧ ಪಕ್ಷದವರೂ ಸುಮ್ಮನಿಲ್ಲ. ಏನೂ ಆಗುವುದಿಲ್ಲವೆಂದು ಸಂಶೋಧನೆಯೇ ಸಾಬೀತು ಮಾಡಿದೆ ಎನ್ನುತ್ತಾರೆ ಅವರು. ಅಜ್ಜಿ ಒಂದನ್ನು ಓದುತ್ತಾರೆ, ಮಗಳು ಇನ್ನೊಂದನ್ನು. ಹಾಗಾದರೆ ನಿಜ ಯಾವುದು? ಈ ವಾರ, ಎರಡೂ ಕಡೆಯವರು ಹೆಚ್ಚಾಗಿ ಎತ್ತಿ ಹಿಡಿಯುವ ಅಧ್ಯಯನಗಳನ್ನೇ ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಅವು ಏನನ್ನು ಅಳೆದವು, ಏನನ್ನು ಅಳೆಯಲಿಲ್ಲ ಎಂಬುದನ್ನು ನೀವೇ ನೋಡಿ.

ಹೆಸರು ಒಂದು, ವಿಧಾನ ಹಲವು

ಮೊದಲಿಗೆ, 'ನಿದ್ರಾ ತರಬೇತಿ' ಎಂಬುದು ಒಂದೇ ಕ್ರಿಯೆಯಲ್ಲ ಎಂಬುದನ್ನು ಗಮನದಲ್ಲಿಡಬೇಕು. ಮಗುವನ್ನು ಮಲಗಿಸಿ ಬಂದು ಬೆಳಗಿನವರೆಗೆ ಹೋಗದೇ ಇರುವುದು ಒಂದು ವಿಧಾನ. ಎರಡನೆಯದರಲ್ಲಿ ಮಗು ಅತ್ತಾಗ ಮೊದಲು ಎರಡು ನಿಮಿಷ, ಆಮೇಲೆ ನಾಲ್ಕು ನಿಮಿಷ, ಆಮೇಲೆ ಆರು ನಿಮಿಷ ಎಂಬಂತೆ ಅಂತರವನ್ನು ಹೆಚ್ಚಿಸುತ್ತಾ ಹೋಗಿ ಸಮಾಧಾನ ಮಾಡಿ ಬರುತ್ತಾರೆ. ಮೂರನೆಯದರಲ್ಲಿ ತಾಯಿ ಅಥವಾ ತಂದೆ ತೊಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ದಿನ ಕಳೆದಂತೆ ಕುರ್ಚಿ ಸ್ವಲ್ಪ ಸ್ವಲ್ಪವಾಗಿ ಬಾಗಿಲ ಕಡೆ ಸರಿಯುತ್ತದೆ. ನಾಲ್ಕನೆಯದರಲ್ಲಿ ಮಲಗಿಸುವ ಹೊತ್ತನ್ನೇ ಮುಂದೂಡಿ, ಮಗುವಿಗೆ ಚೆನ್ನಾಗಿ ನಿದ್ದೆ ಬರುವ ಹೊತ್ತಿಗೆ ಮಲಗಿಸುತ್ತಾರೆ. ಇದರಲ್ಲಿ ಅಳು ಬಹಳ ಕಡಿಮೆ.

ಈ ನಾಲ್ಕಕ್ಕೂ ಹೊರಗೆ ಹೆಸರು ಒಂದೇ. ಆದ್ದರಿಂದ ಒಂದು ವಿಧಾನದ ಮೇಲೆ ನಡೆದ ಅಧ್ಯಯನದ ಫಲವನ್ನು ಇನ್ನೊಂದಕ್ಕೆ ಅಂಟಿಸುವುದು, ಶೀತದ ಮಾತ್ರೆಯ ಗುಣದೋಷವನ್ನು ಹೊಟ್ಟೆನೋವಿನ ಮಾತ್ರೆಗೆ ಹೇಳಿದಂತೆ.

ಕಾರ್ಟಿಸಾಲ್ ಎಂದರೇನು?

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಮಿದುಳಿನಿಂದ ಸಂದೇಶ ಬಂದಾಗ ಇವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಭಯ, ನೋವು, ಹಸಿವು, ಜ್ವರ ಇವೆಲ್ಲ ಅದನ್ನು ಏರಿಸಬಲ್ಲವು. ರಕ್ತದಲ್ಲಿರುವ ಕಾರ್ಟಿಸಾಲಿನ ಒಂದಂಶ ಜೊಲ್ಲಿಗೂ ಇಳಿಯುತ್ತದೆ. ಆದ್ದರಿಂದಲೇ ಸೂಜಿ ಚುಚ್ಚದೆ, ಹತ್ತಿಯ ಬತ್ತಿಯನ್ನು ಮಗುವಿನ ಬಾಯಲ್ಲಿಟ್ಟು ನೆನೆಸಿ ಅಳೆಯುವ ಅನುಕೂಲ ಸಂಶೋಧಕರಿಗಿದೆ.

ಆದರೆ ಕಾರ್ಟಿಸಾಲನ್ನು ಬರೀ ವಿಷವೆಂದು ತಿಳಿಯಬೇಡಿ. ಅದಿಲ್ಲದೆ ನಾವು ಬದುಕಲಾರೆವು. ಪ್ರತಿದಿನ ಬೆಳಿಗ್ಗೆ ಎದ್ದಾಗ ಅದು ಏರುತ್ತದೆ, ಸಂಜೆಯ ಹೊತ್ತಿಗೆ ಇಳಿಯುತ್ತದೆ, ನಡುರಾತ್ರಿಯ ಸುಮಾರಿಗೆ ಅತ್ಯಂತ ಕೆಳಗಿರುತ್ತದೆ. ಎಳೆಯ ಮಗುವಿನಲ್ಲಿ ಈ ದಿನಚರಿ ನೆಲೆಗೊಳ್ಳಲು ಕೆಲವು ತಿಂಗಳುಗಳೇ ಬೇಕು. ಲಸಿಕೆ ಚುಚ್ಚಿಸಿಕೊಂಡ ಮಗುವಿನಲ್ಲೂ ಅದು ಸ್ವಲ್ಪ ಹೊತ್ತು ಏರಿ ಮತ್ತೆ ಇಳಿಯುತ್ತದೆ. ಜೊಲ್ಲಿನಲ್ಲಿ ಕಾಣುವುದು ಆ ಗಳಿಗೆಯ ಸ್ಥಿತಿಯೂ ಅಲ್ಲ. ಸುಮಾರು ಇಪ್ಪತ್ತು ನಿಮಿಷ ಹಿಂದೆ ನಡೆದುದರ ನೆರಳು ಅದು. ಬಾಯಲ್ಲಿ ಹಾಲಿನ ಪಸೆ ಇದ್ದರೆ ಅಳತೆಯೇ ಕೆಡಬಹುದು.

ಇದರ ಅರ್ಥ ಇಷ್ಟೇ: ಒಂದು ಸಲದ ಏರಿಕೆ ಬೇರೆ, ತಿಂಗಳುಗಟ್ಟಲೆ ಏರಿಯೇ ಇರುವುದು ಬೇರೆ. ಹೆದರಬೇಕಾದದ್ದು ಎರಡನೆಯದಕ್ಕೆ. 1989ರ ನಂತರ ಜಗತ್ತಿನ ಕಣ್ಣಿಗೆ ಬಿದ್ದ ರುಮೇನಿಯಾದ ಅನಾಥಾಲಯಗಳ ಮಕ್ಕಳು ಎತ್ತಿಕೊಳ್ಳುವವರಿಲ್ಲದೆ, ಮಾತನಾಡಿಸುವವರಿಲ್ಲದೆ ಹಗಲೂ ರಾತ್ರಿ ತೊಟ್ಟಿಲುಗಳಲ್ಲೇ ಬೆಳೆದಿದ್ದರು. ಅವರ ಮಿದುಳಿಗೂ ಮನಸ್ಸಿಗೂ ಆದ ಹಾನಿ ನಿಜ, ಅದು ದಾಖಲಾಗಿದೆ. ಆದರೆ ಹಗಲೆಲ್ಲ ತಾಯ್ತಂದೆಯರ ತೋಳಿನಲ್ಲಿದ್ದು, ನಾಲ್ಕು ರಾತ್ರಿ ಮಲಗುವಾಗ ಸ್ವಲ್ಪ ಹೊತ್ತು ಅತ್ತ ಮಗುವಿಗೆ ಆ ಅಧ್ಯಯನಗಳನ್ನು ಅನ್ವಯಿಸುವುದು ಒಂದು ಹೊತ್ತಿನ ಉಪವಾಸವನ್ನು ಬರಗಾಲಕ್ಕೆ ಹೋಲಿಸಿದಂತೆ. ಹೆದರಿಸುವ ಬರಹಗಳಲ್ಲಿ ಈ ಜಿಗಿತ ಪದೇ ಪದೇ ಕಾಣಸಿಗುತ್ತದೆ.

ಐದು ದಿನದ ಶಿಬಿರ, ಇಪ್ಪತ್ತೈದು ಮಕ್ಕಳು

ಇನ್ನು ಆ ಪ್ರಸಿದ್ಧ ಅಧ್ಯಯನಕ್ಕೆ ಬರೋಣ. ವೆಂಡಿ ಮಿಡಲ್‌ಮಿಸ್ ಮತ್ತು ಸಂಗಡಿಗರು ಇದನ್ನು 2012ರಲ್ಲಿ ಪ್ರಕಟಿಸಿದರು. ನ್ಯೂಜಿಲೆಂಡಿನಲ್ಲಿ ನಿದ್ದೆಯ ತೊಂದರೆ ಇರುವ ಮಕ್ಕಳನ್ನು ತಾಯಿಯೊಂದಿಗೆ ಐದು ದಿನ ಒಳರೋಗಿಯಂತೆ ಇರಿಸಿಕೊಂಡು ತರಬೇತಿ ಕೊಡುವ ಕೇಂದ್ರದಲ್ಲಿ ಇದು ನಡೆಯಿತು. ಮಕ್ಕಳು 25, ವಯಸ್ಸು 4ರಿಂದ 10 ತಿಂಗಳು. ರಾತ್ರಿ ಮಗುವನ್ನು ಮಲಗಿಸುತ್ತಿದ್ದವರು ತಾಯಿಯಲ್ಲ, ದಾದಿಯರು. ಮಗು ಅತ್ತರೂ ಯಾರೂ ಹೋಗಿ ಎತ್ತಿಕೊಳ್ಳುವಂತಿರಲಿಲ್ಲ. ತಾಯಿಗೆ ಪಕ್ಕದಿಂದ ಆ ಅಳು ಕೇಳಿಸುತ್ತಿತ್ತು.

ಮೊದಲ ದಿನ ಮತ್ತು ಮೂರನೆಯ ದಿನ ತಾಯಿ ಮಗು ಇಬ್ಬರ ಜೊಲ್ಲನ್ನೂ ತೆಗೆದರು. ಮಲಗಿಸಲು ತೊಡಗುವಾಗ ಒಮ್ಮೆ, ಮಗು ನಿದ್ದೆಹೋದ ಮೇಲೆ ಇನ್ನೊಮ್ಮೆ. ಮೊದಲ ದಿನ ಇಬ್ಬರ ಕಾರ್ಟಿಸಾಲೂ ಜೊತೆಜೊತೆಯಾಗಿತ್ತು. ಅಂದರೆ ಯಾವ ತಾಯಿಯಲ್ಲಿ ಅದು ಹೆಚ್ಚಿತ್ತೋ ಅವಳ ಮಗುವಿನಲ್ಲೂ ಹೆಚ್ಚಿತ್ತು. ಮೂರನೆಯ ದಿನ ಮಕ್ಕಳು ಅಳದೆ ಮಲಗಿದರು. ಅಳು ಕೇಳದ ತಾಯಂದಿರ ಕಾರ್ಟಿಸಾಲ್ ಇಳಿಯಿತು. ಮಕ್ಕಳದ್ದು ಮಾತ್ರ ಇಳಿಯಲಿಲ್ಲ. ತಾಯಿ ಮಗುವಿನ ಜೋಡಿ ತಪ್ಪಿತು ಎಂದು ಸಂಶೋಧಕರು ಬರೆದರು.

ಇಲ್ಲಿಂದ ಹುಟ್ಟಿದ ಮಾತು ಯಾವುದು ಗೊತ್ತೇ? 'ಮಗು ಅಳು ನಿಲ್ಲಿಸಿದರೂ ಒಳಗೊಳಗೇ ಸಂಕಟಪಡುತ್ತಿರುತ್ತದೆ. ಕೂಗಿದರೂ ಯಾರೂ ಬರುವುದಿಲ್ಲವೆಂದು ಕಲಿತು ಆಸೆ ಬಿಟ್ಟಿರುತ್ತದೆ.' ಕೇಳಿದ ತಾಯಿಯ ಎದೆ ಝಲ್ಲೆನ್ನುವ ಮಾತು. ಆದರೆ ಆ ಜೊಲ್ಲು ಅಷ್ಟನ್ನು ಹೇಳಿತೇ? ನಿಧಾನವಾಗಿ ನೋಡೋಣ.

ಒಂದನೆಯದಾಗಿ, ಮೂರನೆಯ ದಿನ ಬದಲಾದದ್ದು ತಾಯಿಯ ಅಳತೆ, ಮಗುವಿನದಲ್ಲ. ಮಗುವಿನ ಮಟ್ಟ ಮೊದಲ ದಿನ ಇದ್ದಷ್ಟೇ ಇತ್ತು. ತರಬೇತಿಯಿಂದ ಕಾರ್ಟಿಸಾಲ್ ಏರಿತು ಎಂದು ಹೇಳುವ ಬರಹಗಳು ಮೂಲವನ್ನೇ ತಪ್ಪಾಗಿ ಓದಿವೆ. ಮೊದಲ ದಿನ ಮಲಗಿಸುವ ಮುನ್ನ, ಅಂದರೆ ಅಳು ಶುರುವಾಗುವ ಮೊದಲೇ ಇದ್ದ ಮಟ್ಟಕ್ಕಿಂತ ಅದು ಮೇಲೆ ಹೋದದ್ದು ಕಾಣಲಿಲ್ಲ.

ಎರಡನೆಯದಾಗಿ, ಆ ಮಟ್ಟ ಹೆಚ್ಚೇ ಎಂದು ಹೇಳಬೇಕಾದರೆ ಯಾವುದಕ್ಕಿಂತ ಹೆಚ್ಚು ಎಂದು ಕೇಳಬೇಕಲ್ಲವೇ? ಶಿಬಿರಕ್ಕೆ ಬರುವ ಮುಂಚೆ, ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ ಮಲಗುವಾಗ ಆ ಮಕ್ಕಳ ಕಾರ್ಟಿಸಾಲ್ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಜ್ವರದ ರೋಗಿಗೆ ಆಸ್ಪತ್ರೆಗೆ ಬಂದ ದಿನ 101, ಮೂರನೆಯ ದಿನವೂ 101 ಇದೆ ಎಂದುಕೊಳ್ಳಿ. ಆಸ್ಪತ್ರೆಯಿಂದಲೇ ಜ್ವರ ಬಂತೆಂದು ಹೇಳಬಹುದೇ? ಮನೆಯಲ್ಲಿದ್ದಾಗ ಎಷ್ಟಿತ್ತೆಂದು ತಿಳಿಯದೆ ಹೇಳಲಾಗದು.

ಮೂರನೆಯದಾಗಿ, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಅದೇ ಕೇಂದ್ರಕ್ಕೆ ಬಂದು, ಅದೇ ಹೊಸ ಕೋಣೆಯಲ್ಲಿ, ಗುರುತಿಲ್ಲದ ದಾದಿಯರ ನಡುವೆ ಇದ್ದು, ರಾತ್ರಿ ಮಾತ್ರ ತಾಯಿಯ ಮಡಿಲಲ್ಲೇ ಮಲಗಿದ ಇಪ್ಪತ್ತೈದು ಮಕ್ಕಳಿದ್ದರೆ ಅವರ ಕಾರ್ಟಿಸಾಲ್ ಮೂರನೆಯ ದಿನ ಎಷ್ಟಿರುತ್ತಿತ್ತು? ಮದುವೆ ಮನೆಗೆ ಹೋದ ಕೂಸು ಹೊಸ ಜಾಗದಲ್ಲಿ ಎರಡು ಮೂರು ರಾತ್ರಿ ಹಟ ಮಾಡುವುದನ್ನು ನೀವೂ ನೋಡಿದ್ದೀರಿ. ಜಾಗದ ಪರಿಣಾಮ ಎಷ್ಟು, ಅಳಲು ಬಿಟ್ಟದ್ದರ ಪರಿಣಾಮ ಎಷ್ಟು ಎಂದು ಬೇರ್ಪಡಿಸುವ ದಾರಿ ಈ ಅಧ್ಯಯನದಲ್ಲಿಲ್ಲ.

ನಾಲ್ಕನೆಯದಾಗಿ, ಲೆಕ್ಕ ಮೂರನೆಯ ದಿನಕ್ಕೇ ನಿಂತಿದೆ. ಮನೆಗೆ ಹೋಗಿ ಹತ್ತು ದಿನವಾದ ಮೇಲೆ ಮಗುವಿನ ಮಟ್ಟ ಇಳಿಯಿತೇ, ಹಾಗೇ ಉಳಿಯಿತೇ? ಮೊದಲು ನಡವಳಿಕೆ ಬದಲಾಗಿ ಆಮೇಲೆ ಹಾರ್ಮೋನು ಇಳಿಯುವ ಸಾಧ್ಯತೆಯೂ ಇದೆ. ಹಾಗಿದ್ದರೆ ಜೋಡಿ ತಪ್ಪಿದ್ದು ಕೆಲವೇ ದಿನಗಳ ಮಾತು. ಮಗು ನಿಜವಾಗಿಯೂ ಮೌನವಾಗಿ ಸಂಕಟಪಡುತ್ತಿತ್ತು ಎಂಬುದೂ ಒಂದು ಸಾಧ್ಯತೆಯೇ. ನಾನು ಅದನ್ನು ತಳ್ಳಿಹಾಕುತ್ತಿಲ್ಲ. ಎರಡರಲ್ಲಿ ಯಾವುದು ಎಂದು ನಿರ್ಧರಿಸಲು ಬೇಕಾದ ಅಳತೆ ಅಲ್ಲಿ ನಡೆದಿಲ್ಲ ಎಂಬುದಷ್ಟೇ ನನ್ನ ಮಾತು.

ಕೊನೆಯದಾಗಿ, ಆ ಅಧ್ಯಯನ ಬಾಂಧವ್ಯವನ್ನು ಅಳೆಯಲೇ ಇಲ್ಲ. ತಾಯಿಯ ಮೇಲಿನ ನಂಬಿಕೆ ಮುರಿಯಿತು ಎಂಬುದು ಓದಿದವರು ಸೇರಿಸಿಕೊಂಡ ಮಾತು.

ಬಾಂಧವ್ಯವನ್ನು ಅಳೆಯುವುದು ಹೇಗೆ?

'ಬಾಂಧವ್ಯ' ಎಂದು ನಾವು ಮನೆಮಾತಿನಲ್ಲಿ ಹೇಳುವುದಕ್ಕೂ ಮನಶ್ಶಾಸ್ತ್ರಜ್ಞರು ಹೇಳುವುದಕ್ಕೂ ಸ್ವಲ್ಪ ಅಂತರವಿದೆ. ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರ ವಿಚಾರವನ್ನು ಹಿಡಿದು ಮೇರಿ ಐನ್ಸ್‌ವರ್ತ್ ಎಂಬಾಕೆ ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದು ಪರೀಕ್ಷೆಯನ್ನು ರೂಪಿಸಿದರು. ಒಂದರಿಂದ ಒಂದೂವರೆ ವರ್ಷದ ಮಗುವನ್ನು ತಾಯಿಯೊಂದಿಗೆ ಆಟಿಕೆಗಳಿರುವ ಹೊಸ ಕೋಣೆಯಲ್ಲಿ ಬಿಡುತ್ತಾರೆ. ಗುರುತಿಲ್ಲದ ಒಬ್ಬಾಕೆ ಬರುತ್ತಾಳೆ. ತಾಯಿ ಎರಡು ಸಲ, ಹೆಚ್ಚೆಂದರೆ ಮೂರು ಮೂರು ನಿಮಿಷ, ಹೊರಗೆ ಹೋಗಿ ಬರುತ್ತಾಳೆ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಸುಮಾರು. ತಾಯಿ ಹೋದಾಗ ಮಗು ಅತ್ತಿತೇ ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ. ಅವಳು ಮರಳಿದಾಗ ಮಗು ಏನು ಮಾಡಿತು ಎಂಬುದು ಮುಖ್ಯ. ಓಡಿಹೋಗಿ ತಬ್ಬಿ, ಸಮಾಧಾನಗೊಂಡು ಮತ್ತೆ ಆಟಕ್ಕೆ ತೊಡಗಿದರೆ ಬಾಂಧವ್ಯ 'ಭದ್ರ'. ಮುಖ ತಿರುಗಿಸಿದರೆ ಅಥವಾ ಎತ್ತಿಕೊಂಡರೂ ಸಮಾಧಾನವಾಗದಿದ್ದರೆ 'ಅಭದ್ರ'.

ಈ ಅಳತೆಗೋಲಿಗೂ ಮಿತಿಗಳಿವೆ. ಜಪಾನಿನ ಸಪ್ಪೊರೊ ನಗರದಲ್ಲಿ ಇದನ್ನು ಮಾಡಿದಾಗ ಅನೇಕ ಕೂಸುಗಳು ಸಮಾಧಾನವಾಗದಷ್ಟು ಅತ್ತವು. ಲೆಕ್ಕದ ಪ್ರಕಾರ ಅವು ಅಭದ್ರ. ಆದರೆ ಅಲ್ಲಿನ ಮಕ್ಕಳು ತಾಯಿಯನ್ನು ಬಿಟ್ಟು ಇದ್ದದ್ದೇ ಅಪರೂಪ, ಆದ್ದರಿಂದ ಪರೀಕ್ಷೆಯೇ ಅವಕ್ಕೆ ಅತಿ ಕಠಿಣವಾಯಿತು ಎಂದು ಅಲ್ಲಿನ ಸಂಶೋಧಕರೇ ವಿವರಿಸಿದರು. ಅಜ್ಜಿ, ಚಿಕ್ಕಮ್ಮ, ಅತ್ತೆಯರ ಕೈಯಿಂದ ಕೈಗೆ ಸಾಗುವ ನಮ್ಮ ಮನೆಯ ಮಗುವಿಗೂ ಈ ಅಳತೆ ಎಷ್ಟು ಹೊಂದುತ್ತದೆ ಎಂದು ಕೇಳುವುದು ನ್ಯಾಯವೇ.

'ಏನೂ ಆಗುವುದಿಲ್ಲ' ಎಂಬ ಸಾಕ್ಷ್ಯ

ಈಗ ಇನ್ನೊಂದು ಪಕ್ಷದ ಅಧ್ಯಯನ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಮೈಕೆಲ್ ಗ್ರಾಡಿಸರ್ ಮತ್ತು ಸಂಗಡಿಗರು ನಡೆಸಿ 2016ರಲ್ಲಿ ಪ್ರಕಟಿಸಿದ್ದು. 6ರಿಂದ 16 ತಿಂಗಳ 43 ಮಕ್ಕಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಅಂತರ ಹೆಚ್ಚಿಸುತ್ತಾ ಹೋಗುವ ವಿಧಾನ, ಇನ್ನೊಂದಕ್ಕೆ ಮಲಗುವ ಹೊತ್ತನ್ನು ಮುಂದೂಡುವ ವಿಧಾನ, ಮೂರನೆಯದಕ್ಕೆ ನಿದ್ದೆಯ ಬಗ್ಗೆ ಬರಿಯ ತಿಳಿವಳಿಕೆ. ಚೀಟಿ ಎತ್ತುವುದರಿಂದ ಒಂದು ದೊಡ್ಡ ಲಾಭವಿದೆ. ತಂದೆತಾಯಿಗೆ ಆರಿಸಿಕೊಳ್ಳಲು ಬಿಟ್ಟರೆ ಹೆಚ್ಚು ದಣಿದವರು, ಹೆಚ್ಚು ಹಟಮಾರಿ ಮಗುವಿನವರು ಒಂದೇ ಗುಂಪಿಗೆ ಸೇರಿಕೊಳ್ಳಬಹುದು. ಆಗ ಕಂಡದ್ದು ವಿಧಾನದ ಫಲವೋ ಮಗುವಿನ ಸ್ವಭಾವವೋ ತಿಳಿಯದು.

ತರಬೇತಿ ಪಡೆದ ಎರಡೂ ಗುಂಪಿನ ಮಕ್ಕಳು ಬೇಗ ನಿದ್ದೆಹೋದರು. ಅವರ ಕಾರ್ಟಿಸಾಲ್ ಏರಲಿಲ್ಲ, ಹೋಲಿಕೆಯ ಗುಂಪಿಗಿಂತ ಸ್ವಲ್ಪ ಇಳಿಯಿತು. ಒಂದು ವರ್ಷದ ನಂತರ ಮಾಡಿದ ಬಾಂಧವ್ಯದ ಪರೀಕ್ಷೆಯಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪತ್ರಿಕೆಗಳು ಇದನ್ನು 'ಅಳಲು ಬಿಡುವುದು ಸುರಕ್ಷಿತ' ಎಂದು ಸಾರಿದವು.

ನಾವು ಅದೇ ಕಟ್ಟುನಿಟ್ಟನ್ನು ಇದಕ್ಕೂ ತೋರಿಸಬೇಕು. 43 ಮಕ್ಕಳನ್ನು ಮೂರು ಪಾಲು ಮಾಡಿದರೆ ಒಂದು ಗುಂಪಿನಲ್ಲಿ ಹದಿನಾಲ್ಕೋ ಹದಿನೈದೋ ಮಕ್ಕಳು. ಯಾವ ತರಬೇತಿಯೂ ಇಲ್ಲದ ಸಾಮಾನ್ಯ ಮನೆಗಳಲ್ಲೇ ನೂರರಲ್ಲಿ ಮೂವತ್ತೈದು ನಲವತ್ತು ಮಕ್ಕಳು ಈ ಪರೀಕ್ಷೆಯಲ್ಲಿ 'ಅಭದ್ರ' ಎನಿಸಿಕೊಳ್ಳುತ್ತಾರೆ. ಅಂದರೆ ಹದಿನಾಲ್ಕರಲ್ಲಿ ಐವರು. ಉದಾಹರಣೆಗೆ, ತರಬೇತಿಯಿಂದ ಆ ಐದು ಏಳಾಯಿತು ಎಂದುಕೊಳ್ಳೋಣ. ನೂರಕ್ಕೆ ಮೂವತ್ತಾರಿದ್ದದ್ದು ಐವತ್ತಾದಂತೆ. ಅದು ನಿಜವಾಗಿದ್ದರೆ ಸಣ್ಣ ವಿಷಯವಲ್ಲ. ಆದರೆ ಹದಿನಾಲ್ಕು ಮಕ್ಕಳ ಗುಂಪಿನಲ್ಲಿ ಐದು ಮತ್ತು ಏಳರ ಅಂತರ ಆಕಸ್ಮಿಕವೂ ಆಗಿರಬಹುದು. ನೀವೇ ಒಂದು ನಾಣ್ಯವನ್ನು ಹದಿನಾಲ್ಕು ಸಲ ಚಿಮ್ಮಿ ನೋಡಿ. ಒಮ್ಮೆ ಐದು ಸಲ ರಾಜ ಬೀಳುತ್ತದೆ, ಇನ್ನೊಮ್ಮೆ ಏಳು, ಮತ್ತೊಮ್ಮೆ ಒಂಬತ್ತು. ನಾಣ್ಯ ಮಾತ್ರ ಅದೇ.

ಆದ್ದರಿಂದ 'ವ್ಯತ್ಯಾಸ ಕಾಣಲಿಲ್ಲ' ಮತ್ತು 'ವ್ಯತ್ಯಾಸ ಇಲ್ಲ' ಇವೆರಡೂ ಒಂದೇ ಅಲ್ಲ. ದೊಡ್ಡ ಹಾನಿ ಇದ್ದಿದ್ದರೆ ಈ ಚಿಕ್ಕ ಅಧ್ಯಯನಕ್ಕೂ ಕಾಣುತ್ತಿತ್ತೇನೋ. ಮಧ್ಯಮ ಗಾತ್ರದ ಹಾನಿಯನ್ನು ಹಿಡಿಯುವ ಬಲೆ ಇದಲ್ಲ, ಇದರ ಕಣ್ಣು ದೊಡ್ಡದು. ಇಲ್ಲಿ ಕಾರ್ಟಿಸಾಲ್ ಅಳೆದದ್ದು ರಾತ್ರಿ ಅಳುವ ಗಳಿಗೆಯಲ್ಲಿ ಅಲ್ಲ ಎಂಬುದನ್ನೂ ನೆನಪಿಡಿ. ಮೊದಲ ರಾತ್ರಿ ಅತ್ತಾಗ ಮಗುವಿಗೆ ಎಷ್ಟು ಸಂಕಟವಾಯಿತು ಎಂಬ ಪ್ರಶ್ನೆಗೆ ಇದು ಉತ್ತರಿಸುವುದಿಲ್ಲ. ದಿನ ಕಳೆದ ಮೇಲೆ ಆ ಸಂಕಟ ಉಳಿಯಿತೇ ಎಂಬುದಕ್ಕೆ ಸ್ವಲ್ಪ ಉತ್ತರಿಸುತ್ತದೆ.

ಆರು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ

ಇವೆರಡಕ್ಕಿಂತ ತೂಕದ ಅಧ್ಯಯನ ಮೆಲ್ಬರ್ನಿನದು. ಹ್ಯಾರಿಯೆಟ್ ಹಿಸ್ಕಾಕ್, ಅನ್ನಾ ಪ್ರೈಸ್ ಮತ್ತು ಸಂಗಡಿಗರು ಏಳು ತಿಂಗಳ ಮಕ್ಕಳಲ್ಲಿ, 'ನಿದ್ದೆ ತೊಂದರೆ ಇದೆ' ಎಂದು ತಾಯಂದಿರೇ ಹೇಳಿದ 326 ಮಕ್ಕಳನ್ನು ತೆಗೆದುಕೊಂಡರು. 173 ಮಕ್ಕಳ ಮನೆಯವರಿಗೆ ಶಿಶು ಆರೋಗ್ಯ ಕೇಂದ್ರದ ದಾದಿಯರು ಎರಡು ವಿಧಾನಗಳನ್ನು ಹೇಳಿಕೊಟ್ಟರು: ಅಂತರ ಬಿಟ್ಟು ಹೋಗಿ ಸಮಾಧಾನ ಮಾಡುವುದು, ಇಲ್ಲವೇ ಪಕ್ಕದಲ್ಲಿ ಕುಳಿತು ಕ್ರಮೇಣ ದೂರ ಸರಿಯುವುದು. ಯಾವುದು ಬೇಕೋ ಅದನ್ನು ಮನೆಯವರು ಆರಿಸಿಕೊಳ್ಳಬಹುದಿತ್ತು. ಉಳಿದ 153 ಮಕ್ಕಳಿಗೆ ಎಂದಿನ ಆರೈಕೆ.

ಹತ್ತು ತಿಂಗಳಾದಾಗ ನಿದ್ದೆಯ ತೊಂದರೆ ಉಳಿದಿದ್ದದ್ದು ತರಬೇತಿಯ ಗುಂಪಿನಲ್ಲಿ ನೂರಕ್ಕೆ 56, ಇನ್ನೊಂದರಲ್ಲಿ 68. ಲಾಭ ಇದೆ, ಆದರೆ ಪವಾಡವಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಗೆ ತೊಂದರೆ ಹಾಗೇ ಇತ್ತು ಎಂಬುದನ್ನು ಗಮನಿಸಿ. ಮಗುವಿಗೆ ಎರಡು ವರ್ಷವಾದಾಗ ಖಿನ್ನತೆಯ ಲಕ್ಷಣಗಳಿದ್ದ ತಾಯಂದಿರು ತರಬೇತಿಯ ಗುಂಪಿನಲ್ಲಿ ನೂರಕ್ಕೆ 15, ಇನ್ನೊಂದರಲ್ಲಿ 26. ನನ್ನ ದೃಷ್ಟಿಯಲ್ಲಿ ಈ ಅಧ್ಯಯನದ ಅತಿ ಮುಖ್ಯ ಸಂಖ್ಯೆ ಇದೇ.

ಆರು ವರ್ಷವಾದಾಗ 225 ಮಕ್ಕಳನ್ನು ಮತ್ತೆ ಪರೀಕ್ಷಿಸಿದರು. ನಡವಳಿಕೆ, ನಿದ್ದೆ, ತಾಯಿಯೊಂದಿಗಿನ ಆಪ್ತತೆ ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಸಿಗಲಿಲ್ಲ. ಜೊಲ್ಲಿನ ಕಾರ್ಟಿಸಾಲಿನಿಂದ ಅಳೆದ ದೀರ್ಘಕಾಲದ ಒತ್ತಡ ತರಬೇತಿಯ ಗುಂಪಿನಲ್ಲಿ ನೂರಕ್ಕೆ 29, ಇನ್ನೊಂದರಲ್ಲಿ 22.

'ನೋಡಿದಿರಾ, ಏಳು ಹೆಚ್ಚು!' ಎಂದು ಒಬ್ಬರು ಬೆರಳು ತೋರಿಸಬಹುದು. ಇಲ್ಲೇ ಎಚ್ಚರ ಬೇಕು. ಲೆಕ್ಕಶಾಸ್ತ್ರದ ಪ್ರಕಾರ, ಎರಡು ಗುಂಪಿಗೂ ನಿಜವಾಗಿ ಏನೂ ಅಂತರವಿಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಇಂತಹ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಸಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರ ಮೇಲೆ ಯಾರ ಮೇಲೂ ಆರೋಪ ಹೊರಿಸಲಾಗದು. ನಿದ್ದೆಯ ತೊಂದರೆಯ ಸಂಖ್ಯೆಯೂ ಆ ವಯಸ್ಸಿಗೆ 9 ಮತ್ತು 7. ಅಂದರೆ ಹಾನಿಯ ಸುಳಿವಿಲ್ಲದಂತೆ ಲಾಭದ ಸುಳಿವೂ ಉಳಿದಿರಲಿಲ್ಲ. ತರಬೇತಿ ಪಡೆದವರೂ ಪಡೆಯದವರೂ ಆರು ವರ್ಷಕ್ಕೆ ಒಂದೇ ರೀತಿ ಮಲಗುತ್ತಿದ್ದರು.

ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. 326ರಲ್ಲಿ 101 ಮಕ್ಕಳು ಕೊನೆಯ ಪರೀಕ್ಷೆಗೆ ಸಿಗಲಿಲ್ಲ. ಸಿಗದವರ ಮನೆಗಳ ಸ್ಥಿತಿ ಸಿಕ್ಕವರಂತೆಯೇ ಇತ್ತೆಂದು ಖಚಿತವಾಗಿ ಹೇಳಲಾಗದು. ಎಂದಿನ ಆರೈಕೆಯ ಗುಂಪಿನವರಲ್ಲೂ ಕೆಲವರು ಬೇರೆ ಕಡೆ ಕೇಳಿ ಇವೇ ವಿಧಾನಗಳನ್ನು ಅನುಸರಿಸಿರಬಹುದು, ಅದರಿಂದ ಅಂತರ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕಲಿಸಿದ್ದು ಏಳು ತಿಂಗಳು ದಾಟಿದ ಮಕ್ಕಳಿಗೆ, ನಡುನಡುವೆ ಹೋಗಿ ಸಮಾಧಾನ ಮಾಡುವ ಮೃದು ವಿಧಾನಗಳನ್ನು. ಎರಡು ತಿಂಗಳ ಹಸುಗೂಸನ್ನು ರಾತ್ರಿಯಿಡೀ ಅಳಲು ಬಿಡುವವರು ಈ ಅಧ್ಯಯನವನ್ನು ತಮ್ಮ ಬೆಂಬಲಕ್ಕೆ ಕರೆಯುವಂತಿಲ್ಲ.

ನೀವು ಕೇಳಬೇಕಾದ ಪ್ರಶ್ನೆಗಳು

ಮುಂದೆ ಇಂತಹ ಇನ್ನೊಂದು ಸುದ್ದಿ ನಿಮ್ಮ ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಮಕ್ಕಳ ವಯಸ್ಸೆಷ್ಟು, ಮಾಡಿದ್ದು ಯಾವ ವಿಧಾನ? ಯಾರೊಂದಿಗೆ ಹೋಲಿಸಿದರು, ಆ ಗುಂಪುಗಳನ್ನು ಮಾಡಿದ್ದು ಹೇಗೆ? ಅಳೆದದ್ದು ಏನನ್ನು, ಯಾವ ಹೊತ್ತಿನಲ್ಲಿ, ಎಷ್ಟು ದಿನದವರೆಗೆ? ಮಕ್ಕಳು ಎಷ್ಟು, ಕೊನೆಗೆ ಉಳಿದವರು ಎಷ್ಟು? ಇವುಗಳಿಗೆ ಉತ್ತರವಿಲ್ಲದ ಬರಹ ನಿಮ್ಮನ್ನು ಹೆದರಿಸುತ್ತಿರಲಿ, ಸಮಾಧಾನಪಡಿಸುತ್ತಿರಲಿ, ಬದಿಗಿಡಿ.

ಹಾಗಾದರೆ ವೈದ್ಯನಾಗಿ ನನ್ನ ಸಲಹೆ ಏನು? ಮಗು ನಿಮ್ಮೊಂದಿಗೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದು, ರಾತ್ರಿ ಎರಡು ಸಲ ಎದ್ದರೂ ಮನೆಯಲ್ಲಿ ಯಾರಿಗೂ ಅದು ಭಾರವಾಗಿಲ್ಲದಿದ್ದರೆ ಯಾವ ತರಬೇತಿಯೂ ಬೇಡ. ಅದಿಲ್ಲದೆಯೂ ಮಗು ಕಾಲಕ್ರಮದಲ್ಲಿ ಮಲಗಲು ಕಲಿಯುತ್ತದೆ, ಮೆಲ್ಬರ್ನಿನ ಸಂಖ್ಯೆಗಳು ಹೇಳುವುದೂ ಅದನ್ನೇ. ಆರು ತಿಂಗಳೊಳಗಿನ ಮಗುವಿಗೆ ರಾತ್ರಿ ಹಾಲು ಬೇಕು, ಅದರ ಅಳುವಿಗೆ ಓಗೊಡಲೇಬೇಕು. ಆರು ತಿಂಗಳ ಮೇಲಿನ ಮಗುವಾದರೂ ತೂಕ ಸರಿಯಾಗಿ ಏರುತ್ತಿಲ್ಲದಿದ್ದರೆ, ಜ್ವರ, ಕಿವಿನೋವು, ಮೂಗುಕಟ್ಟು, ವಾಂತಿ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಚೆನ್ನಾಗಿ ಮಲಗುತ್ತಿದ್ದ ಮಗು ಇದ್ದಕ್ಕಿದ್ದಂತೆ ರಾತ್ರಿಯೆಲ್ಲ ಚೀರತೊಡಗಿದರೆ ಅದು ಅಭ್ಯಾಸದ ಪ್ರಶ್ನೆಯಲ್ಲ, ಕಾಯಿಲೆ ಇರಬಹುದು.

ಇನ್ನೊಂದು ಕಡೆ, ದೂರದ ದೇಶದಲ್ಲಿ ಸಹಾಯಕ್ಕೆ ಯಾರೂ ಇಲ್ಲದೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದ ತಾಯಿ ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಾರಣವಿಲ್ಲದೆ ಅಳುತ್ತಿದ್ದರೆ, ಸಿಡುಕುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಭಯಪಡುತ್ತಿದ್ದರೆ, ಆ ಮನೆಗೆ ಮೃದು ವಿಧಾನವೊಂದು ಔಷಧಿಯಾಗಬಹುದು. ಪಕ್ಕದಲ್ಲಿ ಕುಳಿತು ನಿಧಾನವಾಗಿ ದೂರ ಸರಿಯುವುದರಿಂದ ಶುರುಮಾಡಲಿ. ಒಂದೆರಡು ವಾರದಲ್ಲಿ ಅಳು ಕಡಿಮೆಯಾಗದಿದ್ದರೆ, ಹಗಲಿನಲ್ಲೂ ಮಗು ಮಂಕಾದರೆ ಅಥವಾ ಊಟ ಹಾಲು ಬಿಟ್ಟರೆ ನಿಲ್ಲಿಸಿ ವೈದ್ಯರನ್ನು ಕೇಳಲಿ. ತಾಯಿಯ ಮನಸ್ಸು ಕುಗ್ಗಿರುವುದಕ್ಕೆ ಬೇರೆಯಾಗಿಯೇ ಚಿಕಿತ್ಸೆ ಬೇಕಾಗಬಹುದು, ನಿದ್ದೆಯೊಂದರಿಂದಲೇ ಅದು ಸರಿಹೋಗುತ್ತದೆಂದು ಕಾಯಬಾರದು.

ಅಜ್ಜಿಯರಿಗೆ ಒಂದು ಮಾತು. ಎಂಟು ತಿಂಗಳ ಮೊಮ್ಮಗುವನ್ನು ಮಗಳು ನಾಲ್ಕು ನಿಮಿಷ ಅಳಲು ಬಿಟ್ಟಳೆಂದು ಅವಳನ್ನು ಕಲ್ಲುಮನಸ್ಸಿನವಳೆನ್ನಬೇಡಿ. ಅದರಿಂದ ಮಗುವಿನ ಮಿದುಳು ಕೆಡುತ್ತದೆಂದು ತೋರಿಸಿದ ಅಧ್ಯಯನವಿಲ್ಲ. ಹೆಣ್ಣುಮಕ್ಕಳಿಗೂ ಒಂದು ಮಾತು. ಅಮ್ಮ ಮಗುವನ್ನು ಎತ್ತಿ ತಟ್ಟಿ ಮಲಗಿಸಿದರೆ ಅದರ ಭವಿಷ್ಯ ಹಾಳಾಗುವುದಿಲ್ಲ. ಅದನ್ನು ತೋರಿಸಿದ ಅಧ್ಯಯನವೂ ಇಲ್ಲ. ಇನ್ನು ಉಳಿದದ್ದು ಯಾರ ರಾತ್ರಿ ಹೇಗೆ ಕಳೆಯಬೇಕೆಂಬ ಪ್ರಶ್ನೆ. ಅದನ್ನು ಮನೆಯವರೇ ಹಗಲು ಹೊತ್ತಿನಲ್ಲಿ, ಮಗು ಆಡಿಕೊಂಡಿರುವಾಗ, ಕುಳಿತು ಮಾತಾಡಿ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ನಡುರಾತ್ರಿ ಎರಡು ಗಂಟೆಗೆ ಅಳುವ ಮಗುವಿನ ಮುಂದೆ ಆ ಚರ್ಚೆ ಬೇಡ.